ನಾರ್ಮಲ್ ಯೂಸ್ ಅಂದರೆ ಎಂತ, ಮಾವ?

ತೀರ್ಥಹಳ್ಳಿ ಕಡೆಯ ಒಂದು ಉಪನಯನ. ಊಟ ಮುಗಿಸಿ ಕವಳದ ತಟ್ಟೆಯ ಸುತ್ತ ಕೂತಿದ್ದೆವು. ಮಾವ ಅಡಿಕೆ ಹೋಳು ಆರಿಸುತ್ತಲೇ ಕೇಳಿದರು: “ಈಗ ಯಾವ ಫೋನು ಒಳ್ಳೇದು ಮಾರಾಯ್ತಿ? ಒಂದು ಹೇಳು, ನಾಳೆಯೇ ತರಿಸ್ತೆ.”

ಹತ್ತು ವರ್ಷದಿಂದ ಫೋನುಗಳ ಬಗ್ಗೆ ಬರೆಯುತ್ತಿದ್ದೇನೆ. ಈ ಪ್ರಶ್ನೆ ಕೇಳಿಸಿಕೊಳ್ಳದೆ ಒಂದು ಮದುವೆಯ ಊಟವನ್ನೂ ಮುಗಿಸಿದ್ದಿಲ್ಲ. ಕೇಳುವವರು ದುಡ್ಡಿನ ಲೆಕ್ಕ ಹೇಳುವುದಿಲ್ಲ, ಎಂತಕ್ಕೆ ಬೇಕು ಎನ್ನುವುದಿಲ್ಲ, ಯಾವ ಕಂಪನಿ ಬೇಡ ಎಂಬುದನ್ನೂ ಹೇಳುವುದಿಲ್ಲ. ಮೊದಮೊದಲು ನಾನು ಅಂಗಡಿಯವರ ಹಾಗೆ ಮೂರನ್ನೂ ಒಂದೇ ಉಸಿರಿಗೆ ಕೇಳಿಬಿಡುತ್ತಿದ್ದೆ. ಬಜೆಟ್ ಎಷ್ಟು, ಯೂಸ್ ಏನು, ಬ್ರ್ಯಾಂಡ್ ಯಾವುದು? ಬರುತ್ತಿದ್ದ ಉತ್ತರಗಳೂ ಒಂದೇ ಥರದವು: “ಎಷ್ಟಾದರೂ ಆಗಲಿ, ಒಳ್ಳೇದಿರಲಿ”, “ನಾರ್ಮಲ್ ಯೂಸ್ ಅಷ್ಟೇ”, “ಯಾವ ಕಂಪನಿಯಾದರೂ ಸೈ”. ಮೂರೂ ನಿಜವಲ್ಲ. ಪಕ್ಕದಲ್ಲಿ ಬೀಗರು ಕೂತಿರುವಾಗ ಯಾರೂ ತಮ್ಮ ಕಿಸೆಯ ಲೆಕ್ಕ ಹೇಳುವುದಿಲ್ಲ. ಯಾವ ಕಂಪನಿಯಾದರೂ ಸೈ ಎಂದವರೇ ನಾವು ಹೆಸರು ಹೇಳಿದ ಕೂಡಲೇ “ಅಯ್ಯೋ, ಅದು ಬೇಡಪ್ಪ” ಅನ್ನುತ್ತಾರೆ. ಇನ್ನು ‘ನಾರ್ಮಲ್ ಯೂಸ್’ ಎಂಬ ಮಾತಿಗೆ ಅರ್ಥವೇ ಇಲ್ಲ. ದಿನಕ್ಕೆ ಆರು ಗಂಟೆ ಯಕ್ಷಗಾನದ ವಿಡಿಯೊ ನೋಡುವವರಿಗೂ ಅದು ನಾರ್ಮಲ್ಲೇ, ತಿಂಗಳಿಗೆ ನಾಲ್ಕು ಫೋನ್ ಮಾಡುವವರಿಗೂ ಅದು ನಾರ್ಮಲ್ಲೇ.

ಹಾಗಾಗಿ ಈಗ ಆ ಮೂರನ್ನೂ ಮೊದಲಿಗೆ ಕೇಳುವುದಿಲ್ಲ. “ಈಗಿರೋ ಫೋನ್ ಒಮ್ಮೆ ತೋರಿಸಿ ಮಾವ” ಅನ್ನುತ್ತೇನೆ. ಮನುಷ್ಯ ತನ್ನ ಬಗ್ಗೆ ಹೇಳಲಾರದ್ದನ್ನು ಅವನ ಹಳೇ ಫೋನು ಹೇಳುತ್ತದೆ. ಇದಕ್ಕೂ ಒಂದು ಮರ್ಯಾದೆಯಿದೆ. ಲಾಕನ್ನು ಅವರೇ ತೆಗೆಯಬೇಕು, ಪರದೆ ಇಬ್ಬರಿಗೂ ಕಾಣುವಂತೆ ಹಿಡಿಯಬೇಕು, ಸೆಟ್ಟಿಂಗ್ಸ್ ಬಿಟ್ಟು ಬೇರೆ ಏನನ್ನೂ ತೆರೆಯಬಾರದು. ಗ್ಯಾಲರಿಗೆ ಬೆರಳು ಹೋದರೆ ಅಲ್ಲಿಗೆ ಸಲಹೆಯ ಕತೆ ಮುಗಿಯಿತು.

ಮೊದಲು ನೋಡಿದ್ದು ಸ್ಟೋರೇಜ್. ಮಾವನ ಫೋನಿನ ಒಟ್ಟು ಜಾಗ 64 ಜಿಬಿ, ತುಂಬಿದ್ದು 61. ಅದರಲ್ಲಿ ವಾಟ್ಸಾಪ್ ಒಂದೇ 27 ಜಿಬಿ ನುಂಗಿತ್ತು. ಶುಭೋದಯದ ಹೂವು, ಊರಿನ ಗುಂಪಿನ ವಿಡಿಯೊ, ಮೊಮ್ಮಗಳ ಡ್ಯಾನ್ಸು, ಎಲ್ಲವೂ ಅಲ್ಲೇ ಬಂದು ಕೂತಿದ್ದವು. “ಫೋನು ಹ್ಯಾಂಗ್ ಆಗ್ತದೆ, ರ್‍ಯಾಮ್ ಕಮ್ಮಿ ಅಂದರು ಅಂಗಡಿಯವರು” ಎಂದರು ಮಾವ. ರ್‍ಯಾಮ್ ಕಮ್ಮಿಯೂ ಇರಬಹುದು. ಆದರೆ ಅಗ್ಗದ ಫೋನಿನ ಸ್ಟೋರೇಜ್ ಮೊದಲೇ ನಿಧಾನದ್ದು, ಅದು ಕಂಠಮಟ್ಟ ತುಂಬಿದರೆ ಇನ್ನೂ ನಿಧಾನ. ಹೊಸದೇನಾದರೂ ಬರೆಯಬೇಕೆಂದರೆ ಫೋನು ಮೊದಲು ಹಳತನ್ನು ಸರಿಸಿ ಜಾಗ ಮಾಡಿಕೊಳ್ಳಬೇಕು. ಅಂಗಳದ ತುಂಬ ಅಡಿಕೆ ಹರವಿದ ದಿನ ಬಂದ ನೆಂಟರಿಗೆ ಕುರ್ಚಿ ಹಾಕಲು ಪರದಾಡಿದ ಹಾಗೆ. ಅಂಗಡಿಯಲ್ಲಿ ‘ಎಂಟಕ್ಕೆ ಎಂಟು ಸೇರಿಸಿ ಹದಿನಾರು ಜಿಬಿ ರ್‍ಯಾಮ್’ ಎಂದು ತೋರಿಸುತ್ತಾರಲ್ಲ, ಆ ಸೇರಿಸಿದ ಎಂಟು ಇದೇ ಸ್ಟೋರೇಜಿನಿಂದ ಕಡ ತಂದದ್ದು. ನಿಜವಾದ ರ್‍ಯಾಮಿನ ವೇಗ ಅದಕ್ಕಿಲ್ಲ.

ಎರಡನೆಯದು ‘ಅಬೌಟ್ ಫೋನ್’ ಒಳಗಿರುವ ಸೆಕ್ಯುರಿಟಿ ಅಪ್‌ಡೇಟ್‌ನ ತಾರೀಖು. ಕಳ್ಳರು ನುಗ್ಗುವ ಹೊಸ ಕಿಂಡಿ ಪತ್ತೆಯಾದಾಗಲೆಲ್ಲ ಕಂಪನಿ ಅದನ್ನು ಮುಚ್ಚಿ ಕಳಿಸುವ ದುರಸ್ತಿ ಅದು. ಮಾವನ ಫೋನಿನಲ್ಲಿ ಆ ತಾರೀಖು 2022ಕ್ಕೇ ನಿಂತುಹೋಗಿತ್ತು. ಅದೇ ಫೋನಿನಲ್ಲಿ ಅವರು ತೋಟದ ಆಳುಗಳಿಗೆ ವಾರದ ಸಂಬಳವನ್ನು ಯುಪಿಐನಲ್ಲಿ ಹಾಕುತ್ತಾರೆ. ಈ ಒಂದು ವಿಷಯದಲ್ಲಿ ಹೊಸ ಫೋನು ಬೇಕೆಂಬುದು ಖಾತ್ರಿಯಾಯಿತು. ಇದಕ್ಕೆ ಮೊದಲು, ವಾಟ್ಸಾಪ್ ಗುಡಿಸಿಕೊಟ್ಟು ಹಳತನ್ನೇ ಇಟ್ಟುಕೊಳ್ಳಿ ಅನ್ನುವ ಮನಸ್ಸು ನನಗಿತ್ತು.

ಮೂರನೆಯದು ಬ್ಯಾಟರಿ. ಮಾವನ ದೊಡ್ಡ ದೂರೇ ಅದು. “ಮಧ್ಯಾಹ್ನ ಮೂರಕ್ಕೆ ಸತ್ತುಹೋಗ್ತದೆ. ಏಳು ಸಾವಿರ ಎಂಎಎಚ್‌ದು ಬಂದಿದೆಯಂತಲ್ಲ, ಅದೇ ಬೇಕು.” ಬ್ಯಾಟರಿ ಯೂಸೇಜ್ ತೆರೆದರೆ ಎಲ್ಲಕ್ಕಿಂತ ಮೇಲೆ ಇದ್ದದ್ದು ಯೂಟ್ಯೂಬ್ ಅಲ್ಲ, ವಾಟ್ಸಾಪೂ ಅಲ್ಲ. ಮೊಬೈಲ್ ನೆಟ್‌ವರ್ಕ್.

ಮಾವನ ಮನೆ ಕಣಿವೆಯ ತಳದಲ್ಲಿದೆ, ಮೂರು ಕಡೆ ಗುಡ್ಡ. ಸಿಗ್ನಲ್ ಬೇಕೆಂದರೆ ಕೆರೆ ಏರಿ ಹತ್ತಬೇಕು. ಇಂಥ ಜಾಗದಲ್ಲಿ ಫೋನು ಸುಮ್ಮನೆ ಕೂರುವುದಿಲ್ಲ. ದೂರದ ಟವರಿಗೆ ತಲುಪಲಿ ಎಂದು ಶಕ್ತಿ ಏರಿಸಿಕೊಂಡು ಕೂಗುತ್ತದೆ, ಸಿಗ್ನಲ್ ಕಳೆದರೆ ಮತ್ತೆ ಮತ್ತೆ ಹುಡುಕುತ್ತದೆ. ಬ್ಯಾಟರಿ ಖಾಲಿಯಾಗುವುದು ಆ ಕೂಗಾಟದಲ್ಲಿ. ಏಳು ಸಾವಿರದ್ದು ತಂದರೆ ಮೂರು ಗಂಟೆಗೆ ಸಾಯುವ ಬದಲು ಸಂಜೆಗೆ ಸತ್ತೀತು, ಅಷ್ಟೆ.

“ಮನೆಗೆ ಫೈಬರ್ ಬಂದಿದೆಯಲ್ಲ ಮಾವ?” ಎಂದೆ. ಬಂದಿತ್ತು. ಮಗಳ ವಾಟ್ಸಾಪ್ ಕರೆ ಅದರಲ್ಲೇ ಬರುತ್ತದೆ. ಬ್ಯಾಂಕಿನವರದು, ಮಂಡಿಯವರದು, ಆಸ್ಪತ್ರೆಯವರದು ಎಂಬ ಸಾದಾ ಕರೆಗಳು ಮಾತ್ರ ಒಳಗೆ ಬರುವುದಿಲ್ಲ. ಇಲ್ಲಿಗೆ ಹುಡುಕಾಟದ ದಿಕ್ಕೇ ಬದಲಾಯಿತು. ಅವರಿಗೆ ಬೇಕಾದದ್ದು ದೊಡ್ಡ ಬ್ಯಾಟರಿಯಲ್ಲ, ವೈಫೈ ಕಾಲಿಂಗ್. ಸಾದಾ ಕರೆಯನ್ನೇ, ಅದೇ ನಂಬರಿನಲ್ಲಿ, ಟವರಿನ ಬದಲು ಮನೆಯ ವೈಫೈ ಮೂಲಕ ಸಾಗಿಸುವ ಸೌಕರ್ಯ ಇದು. ನಮ್ಮಲ್ಲಿ ಏರ್‌ಟೆಲ್ 2019ರ ಕೊನೆಗೆ, ಜಿಯೊ 2020ರ ಆರಂಭಕ್ಕೆ ಇದನ್ನು ಶುರು ಮಾಡಿದವು. ಬೇರೆ ಆ್ಯಪ್ ಬೇಡ, ಬೇರೆ ದುಡ್ಡೂ ಇಲ್ಲ. ಆದರೆ ಫೋನಿನ ಮಾಡೆಲ್ಲೂ ಸಿಮ್ಮಿನ ಕಂಪನಿಯೂ ಎರಡೂ ಒಪ್ಪಿರಬೇಕು. ಮಾವನ ಸಿಮ್ ಒಪ್ಪುವಂಥದ್ದೇ. ಹಳೇ ಫೋನಿನಲ್ಲಿ ಎಷ್ಟು ಹುಡುಕಿದರೂ Wi-Fi calling ಎಂಬ ಸಾಲು ಇರಲಿಲ್ಲ. ದುಬೈಯಿಂದಲೋ ಅಮೆರಿಕದಿಂದಲೋ ನೆಂಟರು ತಂದುಕೊಟ್ಟ ದುಬಾರಿ ಫೋನಿನಲ್ಲೂ ಎಷ್ಟೋ ಸಲ ಇಲ್ಲಿಯ ಸಿಮ್ ಹಾಕಿದಾಗ ಈ ಸಾಲು ಕಾಣುವುದಿಲ್ಲ.

ಇದಕ್ಕೊಂದು ಮಿತಿಯೂ ಇದೆ, ಅದನ್ನೂ ಆಗಲೇ ಹೇಳಿದೆ. ಕರೆಂಟು ಹೋದರೆ ರೂಟರ್ ಹೋಗುತ್ತದೆ, ಅದರ ಜೊತೆಗೆ ಕರೆಯೂ. ಮಲೆನಾಡಿನ ಆಷಾಢದಲ್ಲಿ ಇದು ಸಣ್ಣ ಮಾತಲ್ಲ. ರೂಟರನ್ನು ಇನ್ವರ್ಟರಿನ ಲೈನಿಗೆ ಹಾಕಿಸಬೇಕು. ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಇಟ್ಟರೆ ಟವರಿನ ಹುಡುಕಾಟವೇ ನಿಲ್ಲುತ್ತದೆ, ಸಾಮಾನ್ಯವಾಗಿ ಕರೆ ಮಾತ್ರ ಬರುತ್ತಿರುತ್ತದೆ.

ಇಷ್ಟೆಲ್ಲ ತಿಳಿಯಲು ಕೇಳಿದ ಪ್ರಶ್ನೆ ಒಂದೇ, ಫೈಬರಿನದು.

ದುಡ್ಡಿನ ಮಾತನ್ನು ಕವಳದ ತಟ್ಟೆಯ ಸುತ್ತ ಎತ್ತಲಿಲ್ಲ. ಸಂಜೆ ಅವರನ್ನು ಬಸ್‌ಸ್ಟ್ಯಾಂಡಿಗೆ ಬಿಡುವಾಗ ಕಾರಿನಲ್ಲಿ ಕೇಳಿದೆ. ಆಗಲೂ ‘ಬಜೆಟ್ ಎಷ್ಟು’ ಅನ್ನಲಿಲ್ಲ. “ಇದಕ್ಕೆ ಆಗ ಎಷ್ಟು ಕೊಟ್ಟಿದ್ರಿ?” ಎಂದೆ. ಕೊಟ್ಟಾಗಿಹೋದ ದುಡ್ಡಿನ ಬಗ್ಗೆ ಮಾತಾಡಲು ಯಾರಿಗೂ ಮುಜುಗರವಿಲ್ಲ. “ಹನ್ನೆರಡೂವರೆ. ಗ್ಲಾಸು, ಕವರು ಅವನೇ ಹಾಕಿಕೊಟ್ಟ.” ಆಮೇಲೆ ಎರಡು ಅಂಕಿ ಮುಂದಿಟ್ಟೆ. “ಈಗ ಹದಿನೈದರದ್ದೂ ಇದೆ, ಇಪ್ಪತ್ತೈದರದ್ದೂ ಇದೆ.” ಇಪ್ಪತ್ತೈದಕ್ಕೆ ಅವರು ಕಿಟಕಿಯಾಚೆ ನೋಡಿದರು. ಹದಿನೈದಕ್ಕೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಮಗ ಕೊಡಿಸ್ತೆ ಅಂದಿದಾನೆ. ಅವನಿಗೂ ಮನೆ ಸಾಲ ಉಂಟಲ್ಲ” ಎಂದರು. ಬಜೆಟ್ ಯಾಕೆ ಬಾಯಿಗೆ ಬರುತ್ತಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಅದು ಅವರ ದುಡ್ಡಲ್ಲ. ಹದಿನೆಂಟರ ಆಸುಪಾಸು ಎಂದು ನನ್ನೊಳಗೇ ಗುರುತು ಹಾಕಿಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

ಕಂಪನಿಯ ವಿಷಯದಲ್ಲಿ ಯಾವುದು ಬೇಕು ಎನ್ನುವುದಕ್ಕಿಂತ “ಯಾವುದು ಬೇಡ?” ಎಂಬ ಪ್ರಶ್ನೆ ಒಳ್ಳೆಯದು. ಬೇಕಾದದ್ದು ಜನರಿಗೆ ಗೊತ್ತಿರುವುದಿಲ್ಲ, ಬೇಡದ್ದು ಚೆನ್ನಾಗಿ ಗೊತ್ತಿರುತ್ತದೆ. ಮಾವನಿಗೆ ಒಂದು ಕಂಪನಿ ಸುತರಾಂ ಬೇಡ. ಪರದೆ ಬದಲಿಸಲು ಕೊಟ್ಟ ಫೋನು ಮೂರು ವಾರ ಶಿವಮೊಗ್ಗದಲ್ಲೇ ಉಳಿದಿತ್ತು. ಎರಡನೆಯ ಬೇಡ ಮಗನದು: 2020ರ ಗಲ್ವಾನ್ ಗಲಾಟೆಯ ನಂತರ ಚೀನಾ ಕಂಪನಿಯದ್ದು ಮನೆಗೆ ಬೇಡ. ಇಂಥ ಬೇಡಗಳ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಕಂಪನಿ ಯಾವ ದೇಶದ್ದು ಎಂಬುದು ಬೇರೆ, ಜೋಡಿಸಿದ್ದು ಎಲ್ಲಿ ಎಂಬುದು ಬೇರೆ ಎಂದಷ್ಟೇ ಹೇಳಿದೆ. ಚೀನಾ ಕಂಪನಿಗಳ ಫೋನುಗಳೂ ಇಲ್ಲೇ ಜೋಡಣೆಯಾಗುತ್ತವೆ. ಕೋಲಾರದ ನರಸಾಪುರದಲ್ಲಿ ಐಫೋನ್ ತಯಾರಾಗುತ್ತದೆ, ಹಾಗಂತ ಆ್ಯಪಲ್ ಕನ್ನಡಿಗರ ಕಂಪನಿ ಆಗಲಿಲ್ಲವಲ್ಲ. ಜೊತೆಗೆ, ಈ ಬೇಡದಿಂದ ಎಷ್ಟು ಖರ್ಚು ಎಂಬುದನ್ನೂ ಒಮ್ಮೆ ಹೇಳಿಬಿಟ್ಟೆ: “ಹದಿನೆಂಟು ಸಾವಿರಕ್ಕೆ ಆಯ್ಕೆ ನಾಲ್ಕೈದಕ್ಕೆ ಇಳೀತದೆ ಮಾವ, ಅದೇ ದುಡ್ಡಿಗೆ ವೇಗ ಸ್ವಲ್ಪ ಕಮ್ಮಿ ಸಿಗ್ತದೆ.” “ವೇಗ ಯಾರಿಗೆ ಬೇಕಾಗಿದೆ?” ಎಂದರು. ಆ ಮಾತನ್ನು ಮತ್ತೆ ತೆಗೆಯಲಿಲ್ಲ.

ಉಳಿದ ನಾಲ್ಕೈದನ್ನು ಸೋಸಿದ್ದು ಮುಖ್ಯವಾಗಿ ಅಪ್‌ಡೇಟ್‌ನಿಂದ. ಇದರ ಲೆಕ್ಕವನ್ನು ಬಹಳ ಜನ ಹಾಕುವುದೇ ಇಲ್ಲ. 2023ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಎಸ್24ಕ್ಕೆ ಏಳು ವರ್ಷದ ಅಪ್‌ಡೇಟ್ ಕೊಡುವುದಾಗಿ ಹೇಳಿದವು. ಅವು ದುಬಾರಿಯವು. ಕೆಳಗಿನ ಬೆಲೆಗೆ ಬಂದರೆ ಒಬ್ಬರು ಎರಡು ವರ್ಷ ಅನ್ನುತ್ತಾರೆ, ಇನ್ನೊಬ್ಬರು ನಾಲ್ಕು, ಮತ್ತೊಬ್ಬರು ಆರು. ಈ ವರ್ಷಗಳನ್ನು ಎಣಿಸುವುದು ನೀವು ಕೊಂಡ ದಿನದಿಂದ ಅಲ್ಲ, ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಹಬ್ಬದ ಸೇಲಿನಲ್ಲಿ ಬೆಲೆ ಬಿದ್ದ ಫೋನು ಎಷ್ಟೋ ಸಲ ತನ್ನ ಆಯುಷ್ಯದಲ್ಲಿ ಒಂದೂವರೆ ವರ್ಷ ಕಳೆದೇ ನಿಮ್ಮ ಕೈಗೆ ಬಂದಿರುತ್ತದೆ.

ಕೊನೆಗೆ ಎರಡು ಉಳಿದವು. ಮಾಡೆಲ್ ಹೆಸರು ಬರೆಯುವುದಿಲ್ಲ, ಆರು ತಿಂಗಳಿಗೆ ಹಳಸುತ್ತವೆ. ಒಂದರ ಬೆಲೆ 13,000, ಎರಡು ವರ್ಷದ ಸೆಕ್ಯುರಿಟಿ ಅಪ್‌ಡೇಟ್, ಬಂದು ಹತ್ತು ತಿಂಗಳಾಗಿತ್ತು. ಅಂದರೆ ಉಳಿದದ್ದು 14 ತಿಂಗಳು. ಇನ್ನೊಂದು 18,500, ಆರು ವರ್ಷದ ಭರವಸೆ, ಬಂದು ನಾಲ್ಕೇ ತಿಂಗಳು, ಉಳಿದದ್ದು 68. ಮೊದಲನೆಯದಕ್ಕೆ ತಿಂಗಳಿಗೆ ಒಂಬೈನೂರು ರೂಪಾಯಿಗೂ ಹೆಚ್ಚು ಬೀಳುತ್ತದೆ, ಎರಡನೆಯದಕ್ಕೆ 272. ಅಪ್‌ಡೇಟ್ ನಿಂತ ದಿನವೇ ಫೋನು ಸಾಯುವುದಿಲ್ಲ, ಆ ಮಾತು ನಿಜ. ಹಾಡು ಕೇಳುವುದಕ್ಕಷ್ಟೇ ಫೋನು ಬೇಕಾದವರಿಗೆ ಈ ಲೆಕ್ಕ ಬೇಕಿಲ್ಲ. ವಾರವಾರ ಆಳುಗಳ ಸಂಬಳ ಹಾಕುವವರಿಗೆ ಬೇಕು.

ಎರಡನ್ನೂ ಮಾವನಿಗೆ ವಾಟ್ಸಾಪಿನಲ್ಲಿ ಕಳಿಸಿ, ಕೆಳಗೆ ಬರೆದೆ: “ನನಗೆ ಎರಡನೆಯದು ಸರಿ ಅನ್ನಿಸ್ತದೆ. ಇದರಲ್ಲಿ ನಿಮಗೆ ಎಂತ ಇಷ್ಟ ಆಗಲಿಲ್ಲ ಹೇಳಿ.” ಐದಾರು ಹೆಸರು ಕಳಿಸಿ ಆರಿಸಿಕೊಳ್ಳಿ ಎಂದರೆ ಜನ ಇನ್ನೊಬ್ಬರನ್ನು ಕೇಳಲು ಹೋಗುತ್ತಾರೆ. ಒಂದನ್ನು ಮುಂದಿಟ್ಟು ತಪ್ಪು ಹುಡುಕಿ ಎಂದರೆ, ಬಚ್ಚಿಟ್ಟುಕೊಂಡ ಆಸೆ ಹೊರಬರುತ್ತದೆ. ಹಾಗೇ ಆಯಿತು. ಅರ್ಧ ಗಂಟೆಯಲ್ಲಿ ಉತ್ತರ: “ಕ್ಯಾಮೆರಾ 50 ಮಾತ್ರ ಉಂಟು. ಮೊದಲಿನದ್ದರಲ್ಲಿ 108 ಉಂಟಲ್ಲ.”

ಕ್ಯಾಮೆರಾದ ಸುದ್ದಿಯನ್ನು ಅಲ್ಲಿಯವರೆಗೆ ಅವರು ಎತ್ತಿರಲೇ ಇಲ್ಲ. ಫೋನ್ ಮಾಡಿ, ಯಾವುದರ ಫೋಟೊ ತೆಗೆಯುತ್ತೀರಿ ಎಂದು ಕೇಳಿದೆ. ಅಡಿಕೆ ಸೋಗೆಯದು. ಎಲೆ ಚುಕ್ಕಿ ರೋಗ ತೋಟಕ್ಕೆ ಬಂದಾಗಿನಿಂದ ಚುಕ್ಕಿಯ ಫೋಟೊ ತೆಗೆದು ಕೃಷಿ ಅಧಿಕಾರಿಗೆ ಕಳಿಸುವುದು, “ಮಸುಕಾಗಿದೆ, ಇನ್ನೊಮ್ಮೆ ಕಳಿಸಿ” ಎಂಬ ಉತ್ತರ ಬರುವುದು. ಅಲ್ಲಿಗೆ ‘ನಾರ್ಮಲ್ ಯೂಸ್’ನ ಕೊನೆಯ ಪದರವೂ ಬಿಚ್ಚಿಕೊಂಡಿತು. 108 ಮೆಗಾಪಿಕ್ಸೆಲ್ ಅಂದರೂ ಸಾದಾ ಫೋಟೊ ತೆಗೆದಾಗ ಒಂಬತ್ತು ಚುಕ್ಕಿಗಳನ್ನು ಕೂಡಿಸಿ ಒಂದು ಮಾಡಿ, 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಅದು ಕೊಡುತ್ತದೆ. 50ರದ್ದು ನಾಲ್ಕನ್ನು ಕೂಡಿಸಿ ಸುಮಾರು ಅಷ್ಟನ್ನೇ ಕೊಡುತ್ತದೆ. ಮಸುಕಾಗುವುದು ಕೈ ಅಲುಗುವುದರಿಂದ ಮತ್ತು ತೀರಾ ಹತ್ತಿರ ಹಿಡಿಯುವುದರಿಂದ. ತೋಟದ ನೆರಳಿನಲ್ಲಿ ಬೆಳಕು ಕಮ್ಮಿ, ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು, ಅಷ್ಟರಲ್ಲಿ ಕೈ ಅಲುಗುತ್ತದೆ. ಎರಡನೆಯ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ಓಐಎಸ್ ಇತ್ತು. ಕೈ ಅಲುಗಿದಂತೆ ಲೆನ್ಸೂ ಎದುರು ದಿಕ್ಕಿಗೆ ಕೊಂಚ ಸರಿದು ಸರಿದೂಗಿಸುವ ಏರ್ಪಾಡು ಅದು. ಮೊದಲನೆಯದರಲ್ಲಿ ಅದಿರಲಿಲ್ಲ. ಬದಲಿಗೆ ‘ಮ್ಯಾಕ್ರೊ’ ಎಂದು ಎರಡು ಮೆಗಾಪಿಕ್ಸೆಲ್ಲಿನ ಪುಟ್ಟ ಕಣ್ಣೊಂದಿತ್ತು, ಹಿಂಬದಿ ತುಂಬಿದಂತೆ ಕಾಣಲಿ ಎಂದು ಕೂರಿಸಿದ್ದು. “ಮುಖ್ಯ ಕ್ಯಾಮೆರಾವನ್ನೇ ಎಲೆಯಿಂದ ಒಂದು ಗೇಣು ದೂರ ಹಿಡೀರಿ, ಎರಡು ಪಟ್ಟು ಜೂಮ್ ಮಾಡಿ” ಎಂದೆ.

ಕೊನೆಯ ಪರೀಕ್ಷೆ ಶಿವಮೊಗ್ಗದ ಅಂಗಡಿಯಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಟೀಶರ್ಟ್ ಹಾಕಿದ ಹುಡುಗನೊಬ್ಬ ಬೇರೊಂದು ಫೋನನ್ನು ಮಾವನ ಕೈಗೆ ಕೊಟ್ಟ. ಇವರು ಅಂಗಡಿಯವರಲ್ಲ, ಕಂಪನಿಗಳು ನಿಲ್ಲಿಸಿದ ಪ್ರಮೋಟರುಗಳು. ಹುಡುಗರ ತಪ್ಪಿಲ್ಲ, ಅದು ಅವರ ಕೆಲಸ. ನಾವು ಆರಿಸಿದ್ದರ ಡೆಮೊ ಪೀಸ್ ಕೇಳಿ, ಅದಕ್ಕೆ ಮಾವನ ಸಿಮ್ ಹಾಕಿಸಿ, ಸೆಟ್ಟಿಂಗ್ಸಿನಲ್ಲಿ Wi-Fi calling ಹುಡುಕಿದೆವು. ಸಿಕ್ಕಿತು. ಅಂಗಡಿಯ ವೈಫೈಯಲ್ಲೇ ಮನೆಗೊಂದು ಕರೆ ಮಾಡಿಯೂ ನೋಡಿದೆವು. ಆಮೇಲೆ ಫೋನು ಹಿಡಿದು ರಸ್ತೆಗೆ ಬಂದೆವು. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಪರದೆಯೂ ಚೆಂದವೇ, ತೋಟದ ಬಿಸಿಲಿನಲ್ಲಿ ಅಕ್ಷರ ಕಾಣಬೇಕಲ್ಲ. ಪೆಟ್ಟಿಗೆಯ ಮೇಲೆ ಬರೆದ ಮೂರು ಸಾವಿರ ನಿಟ್ಸ್ ಎಂಬ ಲೆಕ್ಕ ಪರದೆಯ ಒಂದು ಮೂಲೆಯಲ್ಲಿ ಅರೆಗಳಿಗೆ ಬೆಳಗುವುದರದ್ದು, ಇಡೀ ಪರದೆಯದ್ದಲ್ಲ. ಮಾವ ಹನ್ನೊಂದು ಗಂಟೆಯ ಬಿಸಿಲಿಗೆ ಹಿಡಿದು, ವಾಟ್ಸಾಪ್ ಸಂದೇಶವೊಂದನ್ನು ಗಟ್ಟಿಯಾಗಿ ಓದಿದರು. ಅಷ್ಟಾದ ಮೇಲೇ ಹೊಸ ಪೆಟ್ಟಿಗೆಯ ಸೀಲ್ ಒಡೆಸಿದ್ದು. ತೆರೆದ ಕೂಡಲೇ *#06# ಒತ್ತಿ, ಬಂದ ಹದಿನೈದು ಅಂಕಿಯ ಐಎಂಇಐ ನಂಬರು ಪೆಟ್ಟಿಗೆಯದಕ್ಕೂ ಬಿಲ್ಲಿನದಕ್ಕೂ ಹೊಂದುತ್ತದೆಯೇ ನೋಡಿದೆವು. KYM ಎಂದು ಬರೆದು, ಒಂದು ಜಾಗ ಬಿಟ್ಟು ಆ ನಂಬರು ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಸರ್ಕಾರದ ದಾಖಲೆಯಲ್ಲಿ ಅದು ಯಾವ ಮಾಡೆಲ್ ಎಂಬ ಉತ್ತರ ಬರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಂತೂ ದುಡ್ಡು ಕೊಡುವ ಮೊದಲೇ ಇದನ್ನು ಮಾಡಬೇಕು.

ಎಲ್ಲರಿಗೂ ಇಷ್ಟು ದೂರ ಹೋಗಬೇಕಾಗಿಲ್ಲ. ಕೆಲವರು ಫೋನನ್ನು ಮನಸ್ಸಿನಲ್ಲಿ ಆಗಲೇ ಕೊಂಡಿರುತ್ತಾರೆ, ಅವರು ಕೇಳುವುದು ಸಲಹೆಯನ್ನಲ್ಲ, ಆಶೀರ್ವಾದವನ್ನು. “ಯಾವುದರ ಮೇಲಾದರೂ ಕಣ್ಣಿಟ್ಟಿದ್ದೀರಾ?” ಎಂದರೆ ಮುಖ ಅರಳುತ್ತದೆ. ಅಂಥವರಿಗೆ ಅದರ ಅಪ್‌ಡೇಟ್ ಎಷ್ಟು ಉಳಿದಿದೆ, ಸರ್ವಿಸ್ ಸೆಂಟರ್ ಎಷ್ಟು ದೂರ ಎಂದಷ್ಟೇ ಹೇಳಿ ಬಿಡುತ್ತೇನೆ. ಕಾಲೇಜು ಹುಡುಗರು ‘ಗೇಮಿಂಗಿಗೆ’ ಎಂದರೆ ಯಾವ ಗೇಮ್ ಎಂದು ಕೇಳಬೇಕು. ಹತ್ತರಲ್ಲಿ ಎಂಟು ಸಲ ಅದು ಲೂಡೊ.

ಮಾವನ ಹಳೇ ಫೋನು ಈಗ ಅತ್ತೆಯ ಬಳಿ ಇದೆ. ಕೊಡುವ ಮೊದಲು ಅದರಿಂದ ಬ್ಯಾಂಕಿನ ಆ್ಯಪ್, ಯುಪಿಐ, ಸಿಮ್ ಮೂರನ್ನೂ ತೆಗೆಸಿ, ಫ್ಯಾಕ್ಟರಿ ರೀಸೆಟ್ ಮಾಡಿದ್ದೇವೆ. ಅಡುಗೆಮನೆಯ ಕಿಟಕಿಯಲ್ಲಿ ಕೂತು ವೈಫೈಯಲ್ಲಿ ಹಾಡು ಹೇಳುತ್ತದೆ. ಹುಡುಕಲು ಟವರ್ ಇಲ್ಲವಾದ್ದರಿಂದ ಬ್ಯಾಟರಿ ಎರಡು ದಿನ ಬರುತ್ತದಂತೆ. “ಚೆನ್ನಾಗಿಯೇ ಇತ್ತಲ್ಲ ಇದು, ಯಾಕೆ ಬದಲಿಸಿದಿರಿ?” ಎಂದು ಅತ್ತೆ ಈಗಲೂ ಕೇಳುತ್ತಾರೆ.